ಪಿಎಸ್‌5 ಪ್ರೊ: ವ್ಯತ್ಯಾಸ ಕಾಣುತ್ತಾ ಇಲ್ಲವಾ ಅಂತ ಸರಿಯಾಗಿ ನೋಡುವ ಬಗೆ

ಸೋನಿಯ ಪಿಎಸ್‌5 ಕನ್ಸೋಲ್ ಇರುವವರು ಅದರ ಹೆಚ್ಚು ಶಕ್ತಿಯ ಮಾದರಿಯಾದ ಪ್ರೊ ಬಗ್ಗೆ ತೀರ್ಮಾನ ಮಾಡುವ ರೀತಿ ನೋಡಿದರೆ ನನಗೆ ಬೇಸರವಾಗುತ್ತದೆ. ಮೊಬೈಲ್‌ನಲ್ಲಿ ಯೂಟ್ಯೂಬ್ ಹಾಕುತ್ತಾರೆ, ಅಕ್ಕಪಕ್ಕದ ಎರಡು ಚಿತ್ರ ನೋಡುತ್ತಾರೆ, ‘ಎರಡೂ ಒಂದೇ’ ಅಂದುಬಿಡುತ್ತಾರೆ. ಇನ್ನು ಕೆಲವರು ಬಾಕ್ಸ್ ಮೇಲಿನ ಮಾತು ನಂಬಿ ಕೊಂಡು, ತಮ್ಮ ಆಟದಲ್ಲಿ ಏನೂ ಬದಲಾಗಿಲ್ಲ ಅಂತ ಆಮೇಲೆ ಕೊರಗುತ್ತಾರೆ. ಇಬ್ಬರೂ ನೋಡಬೇಕಾದ ಜಾಗದಲ್ಲಿ ನೋಡಿರುವುದಿಲ್ಲ.

ಮೊದಲು ಒಳಗೆ ಏನು ಬದಲಾಗಿದೆ ತಿಳಿದುಕೊಳ್ಳಿ. 2024ರ ನವೆಂಬರ್‌ನಲ್ಲಿ ಬಂದ ಪ್ರೊದಲ್ಲಿ ಚಿತ್ರ ಬಿಡಿಸುವ ಚಿಪ್, ಅಂದರೆ ಜಿಪಿಯು, ದೊಡ್ಡದಾಗಿದೆ. ಸೋನಿಯೇ ಹೇಳುವಂತೆ ಚಿತ್ರ ಬಿಡಿಸುವ ವೇಗ ಶೇ 45ರವರೆಗೆ ಹೆಚ್ಚುತ್ತದೆ. ಜೊತೆಗೆ ಪಿಎಸ್‌ಎಸ್‌ಆರ್ ಎಂಬ ತಂತ್ರ ಸೇರಿದೆ. ಕಡಿಮೆ ರೆಸಲ್ಯೂಷನ್‌ನಲ್ಲಿ ಬಿಡಿಸಿದ ಚಿತ್ರವನ್ನು ಅದು 4ಕೆ ಮಟ್ಟಕ್ಕೆ ಹಿಗ್ಗಿಸಿ, ಕಳೆದುಹೋದ ವಿವರ ತುಂಬುತ್ತದೆ. ಆದರೆ ಆಟದ ಲೆಕ್ಕಾಚಾರ ಮಾಡುವ ಸಿಪಿಯು ಹೆಚ್ಚುಕಡಿಮೆ ಹಳೆಯದೇ. ಬೇಕೆಂದಾಗ ಸುಮಾರು ಶೇ 10ರಷ್ಟು ವೇಗವಾಗಿ ಓಡುತ್ತದೆ, ಅಷ್ಟೆ. ಈ ಒಂದು ವಿಷಯ ಗಟ್ಟಿಯಾಗಿ ನೆನಪಿಡಿ.

ಹಂತ 1: ಟಿವಿ. 4ಕೆ ಟಿವಿ ಇಲ್ಲದಿದ್ದರೆ ಪ್ರೊ ಬೇಡ, ಮೊದಲು ಟಿವಿ ತಗೊಳ್ಳಿ. ಇದ್ದರೆ ಗೇಮ್ ಮೋಡ್ ಹಾಕಿ, ಮೋಷನ್ ಸ್ಮೂದಿಂಗ್ ಆಫ್ ಮಾಡಿ. ಅದು ಆನ್ ಇದ್ದರೆ ಟಿವಿ ತಾನೇ ನಡುವೆ ಫ್ರೇಮ್ ತುರುಕುತ್ತದೆ, ಎರಡು ಕನ್ಸೋಲ್ ಹೋಲಿಸುವುದು ಸುಮ್ನೆ ವ್ಯರ್ಥ. ಕೇಬಲ್ ಬೇರೆ ಕೊಳ್ಳಬೇಡಿ, ಬಾಕ್ಸ್‌ನಲ್ಲಿ ಬಂದದ್ದೇ ಸಾಕು. ಅಂದಹಾಗೆ, ಅಗ್ಗದ ಟಿವಿಗಳ ಮೇಲೆ ದೊಡ್ಡದಾಗಿ ಬರೆದಿರುವ ‘120’ ಸಂಖ್ಯೆ ಎಷ್ಟೋ ಸಲ ಈ ಸ್ಮೂದಿಂಗ್‌ನ ಲೆಕ್ಕ, ಪ್ಯಾನೆಲ್‌ನ ನಿಜವಾದ ವೇಗ ಅಲ್ಲ. ಕನ್ಸೋಲ್‌ನಲ್ಲಿ `Settings > Screen and Video > Video Output` ಒಳಗೆ ಹೋಗಿ ನೋಡಿದರೆ ಟಿವಿ ನಿಜಕ್ಕೂ ಏನು ತಗೊಳ್ಳುತ್ತದೆ ಅಂತ ಗೊತ್ತಾಗುತ್ತದೆ.

ಹಂತ 2: ನಿಮ್ಮ ಆಟಗಳ ಪಟ್ಟಿ. ನೀವು ಜಾಸ್ತಿ ಆಡುವ ಆಟಗಳಿಗೆ ಪ್ರೊಗಾಗಿಯೇ ಮಾಡಿದ ಅಪ್‌ಡೇಟ್, ಅಂದರೆ ಪ್ರೊ ಪ್ಯಾಚ್ ಬಂದಿದೆಯಾ ನೋಡಿ. ಸ್ಟೋರ್‌ನಲ್ಲಿ `PS5 Pro Enhanced` ಎಂಬ ಗುರುತು ಇರುತ್ತದೆ.

ಹಂತ 3: ಹೋಲಿಕೆ. ಎಲ್ಲರೂ ಎಡವುವುದು ಇಲ್ಲೇ.

ಮಾಮೂಲಿ ಪಿಎಸ್‌5ನಲ್ಲಿ ಬಹುತೇಕ ದೊಡ್ಡ ಆಟಗಳು ಎರಡು ದಾರಿ ಕೊಡುತ್ತವೆ. ಒಂದು ಚೊಕ್ಕ ಚಿತ್ರದ ಮೋಡ್, ಸೆಕೆಂಡಿಗೆ 30 ಫ್ರೇಮ್. ಇನ್ನೊಂದು 60 ಫ್ರೇಮ್‌ನ ನಯವಾದ ಮೋಡ್, ಚಿತ್ರ ಸ್ವಲ್ಪ ಮಸುಕು. ಪ್ರೊದ ಮುಖ್ಯ ಕೆಲಸ ಈ ಎರಡನ್ನೂ ಒಂದುಗೂಡಿಸುವುದು. ಹಾಗಾಗಿ ಪಿಎಸ್‌5ನ ಚೊಕ್ಕ ಮೋಡ್ ಪಕ್ಕ ಪ್ರೊದ 60 ಫ್ರೇಮ್ ಮೋಡ್ ಇಟ್ಟು, ನಿಂತ ಚಿತ್ರ ನೋಡಿದರೆ ಎರಡೂ ಒಂದೇ ತರ ಕಾಣುವುದು ಸಹಜ. ಹಾಗೆ ಕಾಣಲಿ ಅಂತಲೇ ಪ್ರೊ ಮಾಡಿದ್ದು. 60 ಫ್ರೇಮ್ ಮೋಡನ್ನು 60 ಫ್ರೇಮ್ ಮೋಡ್ ಪಕ್ಕವೇ ಇಡಬೇಕು.

ಉದಾಹರಣೆಗೆ ‘ಫೈನಲ್ ಫ್ಯಾಂಟಸಿ 7 ರೀಬರ್ತ್’ ಆಟ ತಗೊಳ್ಳಿ. ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ. ಕಾಮ್ ಊರಿನಿಂದ ಹೊರಗೆ ಬಂದರೆ ದೊಡ್ಡ ಹುಲ್ಲುಗಾವಲು ತೆರೆದುಕೊಳ್ಳುತ್ತದೆ. ಪಿಎಸ್‌5ನಲ್ಲಿ `Performance` ಮೋಡ್ ಹಾಕಿ ಅಲ್ಲಿ ಓಡಿ, ಓಡುತ್ತಲೇ ಕ್ಯಾಮೆರಾ ನಿಧಾನಕ್ಕೆ ತಿರುಗಿಸಿ. ದೂರದ ಹುಲ್ಲು ಎಸಳಾಗಿ ಕಾಣದೆ ಹಸಿರು ಮಂಜಿನಂತೆ ಕಲಸಿಹೋಗುತ್ತದೆ. ಆಟದ ನಾಯಕ ಕ್ಲೌಡ್‌ನ ಕೂದಲಿನ ಅಂಚೂ ಮೆತ್ತಗಾಗುತ್ತದೆ. ಈಗ ಪ್ರೊದಲ್ಲಿ `Versatility` ಮೋಡ್ ಹಾಕಿ ಅದೇ ದಾರಿಯಲ್ಲಿ ಓಡಿ. ವೇಗ ಅದೇ 60, ಆದರೆ ಹುಲ್ಲಿನ ಎಸಳು ಬಿಡಿಬಿಡಿಯಾಗಿ ನಿಲ್ಲುತ್ತದೆ, ಕೂದಲಿನ ಅಂಚು ಗಟ್ಟಿಯಾಗುತ್ತದೆ. ಇದನ್ನು ಕಾಣಲು ಯಾರೂ ಬೆರಳು ತೋರಿಸಬೇಕಿಲ್ಲ.

ಓಡುತ್ತಲೇ ನೋಡಿ ಅಂದದ್ದಕ್ಕೆ ಕಾರಣ ಇದೆ. ಚಿತ್ರ ಹಿಗ್ಗಿಸುವ ತಂತ್ರಗಳು ಹಿಂದಿನ ಫ್ರೇಮ್‌ಗಳಿಂದ ವಿವರ ಕೂಡಿಸಿಕೊಳ್ಳುತ್ತವೆ. ಕ್ಯಾಮೆರಾ ನಿಂತರೆ ಅವಕ್ಕೆ ಕೂಡಿಸಲು ಬೇಕಾದಷ್ಟು ಸಮಯ ಸಿಗುತ್ತದೆ, ಸಾಧಾರಣ ಪಿಎಸ್‌5 ಕೂಡ ಚೊಕ್ಕವಾಗಿಯೇ ತೋರಿಸುತ್ತದೆ. ಚಲನೆ ಶುರುವಾದಾಗಲೇ ಬಣ್ಣ ಬಯಲಾಗುವುದು. ಸ್ಕ್ರೀನ್‌ಶಾಟ್ ಹೋಲಿಕೆ ಮೋಸ ಮಾಡುವುದು ಇದಕ್ಕೇ. ಯೂಟ್ಯೂಬ್ ವಿಡಿಯೋದಲ್ಲಂತೂ ಮೊದಲು ಹಿಂಡಿಹೋಗುವುದೇ ಹುಲ್ಲು, ಎಲೆ, ಕೂದಲು.

ಇಬ್ಬರು ಗೆಳೆಯರು ಸೇರಿ ಹೋಲಿಸುವುದಾದರೆ ಟಿವಿ ಒಂದೇ ಇರಲಿ, ಎಚ್‌ಡಿಎಂಐ ಪೋರ್ಟ್ ಕೂಡ ಅದೇ ಇರಲಿ. ಪೋರ್ಟ್ ಬದಲಾದರೆ ಟಿವಿಯ ಸೆಟ್ಟಿಂಗ್ ಕೂಡ ಬದಲಾಗಬಹುದು. ಸೇವ್ ಕೂಡ ಒಂದೇ ಬೇಕು. ಪಿಎಸ್‌5 ಆಟದ ಸೇವನ್ನು ಪೆನ್‌ಡ್ರೈವ್‌ಗೆ ಹಾಕಲು ಆಗುವುದಿಲ್ಲ, ಪಿಎಸ್ ಪ್ಲಸ್ ಕ್ಲೌಡ್‌ನಿಂದಲೇ ಇಳಿಸಿಕೊಳ್ಳಿ. ದಿನಾ ಕೂರುವ ಜಾಗದಲ್ಲೇ ಕೂತು ನೋಡಿ. 43 ಇಂಚಿನ ಟಿವಿಯನ್ನು ಹತ್ತು ಅಡಿ ದೂರದಿಂದ ನೋಡುವವರಿಗೆ ಈ ಹುಲ್ಲಿನ ಲಾಭ ಬಹಳ ಕಡಿಮೆ. ಅಂಥವರಿಗೆ ನಾನು ಪ್ರೊ ಬೇಡ ಅಂತಲೇ ಹೇಳುತ್ತೇನೆ.

ಎಲ್ಲ ಆಟದಲ್ಲೂ ಪ್ರೊ ಗೆಲ್ಲುವುದಿಲ್ಲ ಅನ್ನುವುದನ್ನೂ ಹೇಳಬೇಕು. ‘ಸೈಲೆಂಟ್ ಹಿಲ್ 2’ರಲ್ಲಿ ಶುರುವಿನ ದಿನಗಳಲ್ಲಿ ಪಿಎಸ್‌ಎಸ್‌ಆರ್‌ನಿಂದಲೇ ಎಲೆಗಳು ಮಿಣಮಿಣ ಅನ್ನುತ್ತಿದ್ದವು. ಪ್ಯಾಚ್ ಬಂದಿದೆ ಅಂದಕೂಡಲೇ ಚೆನ್ನಾಗಿದೆ ಅಂದುಕೊಳ್ಳಬೇಡಿ, ಎಲೆ ಮತ್ತು ನೀರಿನ ಪ್ರತಿಬಿಂಬ ಎರಡನ್ನೂ ನೋಡಿ.

ಹಂತ 4: ತಡವರಿಕೆ ಎಲ್ಲಿಂದ ಬರುತ್ತಿದೆ? ಇದಕ್ಕೆ ಪ್ರೊ ಬೇಕಿಲ್ಲ, ನಿಮ್ಮ ಪಿಎಸ್‌5ನಲ್ಲೇ ನೋಡಬಹುದು. 60 ಫ್ರೇಮ್ ಮೋಡ್ ಹಾಕಿ ಊರಾಚೆಯ ಬಯಲಲ್ಲಿ ಸ್ವಲ್ಪ ಓಡಾಡಿ, ಆಮೇಲೆ ಜನ ತುಂಬಿದ ಪೇಟೆಗೆ ಹೋಗಿ. ಬಯಲಲ್ಲಿ ನಯವಾಗಿದ್ದು ಪೇಟೆಯಲ್ಲಿ ಮಾತ್ರ ತಡವರಿಸಿದರೆ ಹೆಚ್ಚಾಗಿ ಅದು ಸಿಪಿಯು ಸುಸ್ತು. ಒಬ್ಬೊಬ್ಬ ಪಾತ್ರದ ನಡೆ, ದಾರಿ, ಪ್ರತಿಕ್ರಿಯೆ ಎಲ್ಲದರ ಲೆಕ್ಕ ಅದರ ತಲೆಮೇಲೆ. ‘ಡ್ರ್ಯಾಗನ್ಸ್ ಡಾಗ್ಮಾ 2’ರ ವರ್ನ್‌ವರ್ತ್ ಪಟ್ಟಣ, ‘ಬಾಲ್ಡರ್ಸ್ ಗೇಟ್ 3’ರ ಮೂರನೇ ಅಂಕದ ನಗರ ಎರಡೂ ಹೀಗೆಯೇ. ಅಲ್ಲಿ ಪ್ರೊ ಚಿತ್ರವನ್ನು ಚೊಕ್ಕ ಮಾಡಬಹುದು, ತಡವರಿಕೆಯನ್ನು ಪೂರ್ತಿ ಹೋಗಲಾಡಿಸಲಾರದು. ಬದಲಿಗೆ ಪೇಟೆ ಹಾಯಾಗಿದ್ದು, ಬೆಂಕಿ, ಹೊಗೆ, ದಟ್ಟ ಕಾಡು ಬಂದಾಗ ಫ್ರೇಮ್ ಬೀಳುತ್ತಿದ್ದರೆ ಅದು ಜಿಪಿಯು ಭಾರ. ಪ್ರೊ ಅದನ್ನು ಚೆನ್ನಾಗಿ ಹೊರುತ್ತದೆ.

‘ಎಲ್ಡನ್ ರಿಂಗ್’ಗೋಸ್ಕರ ಮಾತ್ರ ಪ್ರೊ ಬೇಕು ಅನ್ನುವವರಿಗೆ ಒಂದು ಅಡ್ಡದಾರಿ ಇದೆ. ಪಿಎಸ್‌5ನಲ್ಲೇ ಆ ಆಟದ ಪಿಎಸ್‌4 ಆವೃತ್ತಿ ಹಾಕಿ. ಹುಲ್ಲು ಕಡಿಮೆ, ಚಿತ್ರ ಸ್ವಲ್ಪ ಸರಳ, ಆದರೆ 60 ಫ್ರೇಮ್ ಬಹುಪಾಲು ಅಲುಗಾಡುವುದಿಲ್ಲ. ದುಡ್ಡೂ ಉಳಿಯುತ್ತದೆ.

ಹಂತ 5: ಕೊಳ್ಳುವುದು. ಪ್ರೊ ಜಗತ್ತಿನ ಬೇರೆಡೆ ಬಂದಾಗ ಭಾರತಕ್ಕೆ ಬರಲಿಲ್ಲ. ಅದರ ವೈ-ಫೈ 7 ಬಳಸುವ 6 ಗಿಗಾಹರ್ಟ್ಸ್ ತರಂಗಕ್ಕೆ ಇಲ್ಲಿ ಆಗ ಅನುಮತಿ ಇರಲಿಲ್ಲ. ಹಾಗಾಗಿ ಇಲ್ಲಿನ ಅಂಗಡಿಗಳಲ್ಲಿ ಹೊರದೇಶದಿಂದ ತಂದ ಪೀಸುಗಳೂ ಸಿಗುತ್ತವೆ. ಅಂಥದ್ದು ಕೆಟ್ಟರೆ ರಿಪೇರಿ ಯಾರು ಮಾಡಿಕೊಡುತ್ತಾರೆ ಅಂತ ದುಡ್ಡು ಕೊಡುವ ಮುಂಚೆ ಕೇಳಿ, ಬಿಲ್ ಮೇಲೆ ಬರೆಸಿಕೊಳ್ಳಿ.

ಪ್ರೊದಲ್ಲಿ ಡಿಸ್ಕ್ ಡ್ರೈವ್ ಇರುವುದಿಲ್ಲ, ಬೇರೆ ಕೊಳ್ಳಬೇಕು. ನಿಮ್ಮದು ಡಿಸ್ಕ್ ಇರುವ ಸ್ಲಿಮ್ ಪಿಎಸ್‌5 ಆದರೆ ಅದರ ಡ್ರೈವ್ ಬಿಚ್ಚಿ ಪ್ರೊಗೆ ಹಾಕಬಹುದು. ಹೊಸ ಕನ್ಸೋಲ್‌ಗೆ ಅದನ್ನು ಜೋಡಿಸುವಾಗ ಒಂದು ಸಲ ಇಂಟರ್‌ನೆಟ್ ಬೇಕಾಗುತ್ತದೆ. 2020ರ ಮೊದಲ ಮಾದರಿಯ ಡ್ರೈವ್ ಹೀಗೆ ಬಿಚ್ಚಲು ಬರುವುದಿಲ್ಲ, ಡಿಸ್ಕ್ ಜಾಸ್ತಿ ಇದ್ದರೆ ಡ್ರೈವ್‌ನ ಬೆಲೆಯನ್ನೂ ಸೇರಿಸಿಯೇ ಲೆಕ್ಕ ಹಾಕಿ.