ಮಗನಿಗೆ 18 ತುಂಬಿದ ಮೇಲೂ ಜೀವನಾಂಶ: ನನ್ನ ಅನುಭವ

ಮಗನಿಗೆ 18 ತುಂಬಿದ ತಿಂಗಳೇ ಅವರಪ್ಪ ದುಡ್ಡು ಕಳಿಸೋದು ನಿಲ್ಲಿಸಿದರು. ಹಳೆಯ ಆದೇಶದಲ್ಲಿ ‘ಪ್ರಾಪ್ತ ವಯಸ್ಸಿನವರೆಗೆ’ ಅಂತಲೇ ಇತ್ತು. ಮಗನಿಗೆ ಬೌದ್ಧಿಕ ಅಂಗವೈಕಲ್ಯ.

ನಮ್ಮ ವಕೀಲರು ಮೊದಲು ಹೇಳಿದ್ದು, 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಇಲ್ಲಿ ಕೈ ಹಿಡಿಯೋದಿಲ್ಲ ಅಂತ. ಅದರ 20ನೇ ಕಲಂ ಅಪ್ರಾಪ್ತ ಮಕ್ಕಳನ್ನು, ಮದುವೆಯಾಗದ ಮಗಳನ್ನು ಹೇಳುತ್ತದೆ. ವಯಸ್ಸಿಗೆ ಬಂದ ಮಗನ ಮಾತೇ ಇಲ್ಲ. ದಾರಿ ಇರುವುದು ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂನಲ್ಲಿ, ಅಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ರಲ್ಲಿ. ದೈಹಿಕ ಅಥವಾ ಮಾನಸಿಕ ನ್ಯೂನತೆಯಿಂದ ತನ್ನ ಹೊಟ್ಟೆ ತಾನು ಹೊರೆದುಕೊಳ್ಳಲಾಗದ ಮಗ ಅಥವಾ ಮಗಳಿಗೆ ಅಲ್ಲಿ ವಯಸ್ಸಿನ ಮಿತಿಯೇ ಇಲ್ಲ. ಮಗಳಾದರೆ ಮದುವೆಯಾಗಿರಬಾರದು, ಅಷ್ಟೆ.

ಮಗ ಈಗ ವಯಸ್ಕ, ಅವನ ಪರವಾಗಿ ನಾನು ಸಹಿ ಹಾಕೋದು ಹೇಗೆ? ಜಿಲ್ಲಾಧಿಕಾರಿಗಳು ಇರುವ ಸ್ಥಳೀಯ ಸಮಿತಿಗೆ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಅರ್ಜಿ ಕೊಟ್ಟು ಪಾಲಕಿ ಎಂಬ ಪ್ರಮಾಣಪತ್ರ ತಗೊಂಡೆ. ಆಮೇಲೆ ಕೌಟುಂಬಿಕ ನ್ಯಾಯಾಲಯದಲ್ಲಿ ಹೊಸ ಅರ್ಜಿ, ಜೊತೆಗೆ ಮಧ್ಯಂತರ ಜೀವನಾಂಶದ ಅರ್ಜಿ. ಇಬ್ಬರೂ ಆದಾಯ, ಆಸ್ತಿ, ಸಾಲದ ಅಫಿಡವಿಟ್ ಕೊಡಬೇಕು. ಸುಪ್ರೀಂ ಕೋರ್ಟು 2020ರಲ್ಲೇ ಹಾಗೆ ಹೇಳಿದೆ. ಹಣ ಸಿಗುವುದು ಅರ್ಜಿ ಹಾಕಿದ ದಿನದಿಂದ ಅಂತಲೂ ಅದೇ ತೀರ್ಪು. ಹಾಗಾಗಿ 18 ತುಂಬುವ ಹೊತ್ತಿಗೆ ಕಾಗದಪತ್ರ ಸಿದ್ಧವಿದ್ದಷ್ಟೂ ಲಾಭ.

ನಿಜವಾದ ಜಗಳ ನಡೆದದ್ದು ಯುಡಿಐಡಿ ಕಾರ್ಡಿನ, ಅಂದರೆ ಅಂಗವಿಕಲರ ಗುರುತಿನ ಚೀಟಿಯ ಮೇಲೆ. ಅದರಲ್ಲಿದ್ದದ್ದು ಶೇ. 60 ಅಂಗವೈಕಲ್ಯ. ‘ಉಳಿದ 40ರಲ್ಲಿ ದುಡೀಬಹುದಲ್ಲ’ ಅಂದರು ಅವರ ವಕೀಲರು. ಮಗ ತರಬೇತಿ ಕೇಂದ್ರವೊಂದರಲ್ಲಿ ಕವರ್ ಅಂಟಿಸಿ ತಿಂಗಳಿಗೆ 1,200 ರೂಪಾಯಿ ತರುತ್ತಿದ್ದ, ಅದನ್ನೂ ಎತ್ತಿದರು. ಆದರೆ ಕಾನೂನು ಕೇಳೋದು ಶೇಕಡಾವಾರು ಅಲ್ಲ, ತನ್ನ ಜೀವನ ತಾನು ನಡೆಸಬಲ್ಲನೇ ಅನ್ನೋದನ್ನ. ಅಲ್ಲಿನ ಶಿಕ್ಷಕಿ ಸಾಕ್ಷಿ ಹೇಳಿದರು: ಪಕ್ಕದಲ್ಲಿ ಯಾರಾದರೂ ನಿಂತರೆ ಮಾತ್ರ ಕವರ್ ಮುಗಿಸುತ್ತಾನೆ, 50ರ ನೋಟು ಕೊಟ್ಟರೆ ಚಿಲ್ಲರೆ ಎಷ್ಟು ಬರಬೇಕು ಗೊತ್ತಾಗೋದಿಲ್ಲ. ಬಸ್ಸಿನಲ್ಲಿ ಒಬ್ಬನೇ ಕಳಿಸಲಾಗದು ಅಂತ ಮನೋವೈದ್ಯರ ವರದಿಯೂ ಇತ್ತು. ಈ ಎರಡು ಇಲ್ಲದೆ ಬರೀ ಕಾರ್ಡು ಹಿಡಿದುಕೊಂಡು ಹೋಗಿದ್ದರೆ ಕಷ್ಟವಿತ್ತು ಅಂತ ನನ್ನ ಅಂದಾಜು.

ಖರ್ಚಿನ ಪಟ್ಟಿಯಲ್ಲಿ ಔಷಧಿ, ಆಟೋ ಬಾಡಿಗೆ, ನಾನು ಕೆಲಸಕ್ಕೆ ಹೋದಾಗ ಅವನನ್ನು ನೋಡಿಕೊಳ್ಳುವವರ ಸಂಬಳ, ಎಲ್ಲಕ್ಕೂ ರಸೀದಿ ಇಟ್ಟೆ. ಆಟೋದವರು ರಸೀದಿ ಕೊಡೋಲ್ಲ. ಫೋನಿನಲ್ಲಿ ದುಡ್ಡು ಹಾಕಿದ ದಾಖಲೆ ಸಾಕಾಯಿತು. ಅವನ 1,200ನ್ನು ಬಚ್ಚಿಡದೆ ನಾವೇ ಬರೆದಿದ್ದೆವು.

ಆದೇಶ ಬಂತು, ಅದರಲ್ಲಿ ಕೊನೆಯ ದಿನಾಂಕ ಇಲ್ಲ. ಮಗ ದುಡಿದು ಬದುಕುವಂತಾದರೆ ಅವರಪ್ಪ ಬದಲಾವಣೆ ಕೇಳಬಹುದು. ಖರ್ಚು ಏರಿದರೆ ನಾವೂ ಕೇಳಬಹುದು. ಆದರೆ ಹೊಣೆ ಅವರು ಬದುಕಿರುವವರೆಗೆ ಮಾತ್ರ; ಆಮೇಲಿನದು ಆಸ್ತಿ, ಉಯಿಲಿನ ಪ್ರಶ್ನೆ. ಬಾಕಿ ನಿಂತರೆ ಪ್ರತಿ ತಿಂಗಳ ಹಣಕ್ಕೂ ಒಂದು ವರ್ಷದೊಳಗೆ ವಸೂಲಿ ಅರ್ಜಿ ಹಾಕಬೇಕು, ಇಲ್ಲವಾದರೆ ಅದಕ್ಕೆ ವಾರಂಟ್ ಸಿಗದು. ನಾನು ಮೂರು ತಿಂಗಳ ಬಾಕಿಯಾದೊಡನೆ ಅರ್ಜಿ ಹಾಕಿಬಿಡುತ್ತೇನೆ.