ಪಾಸ್‌ಬುಕ್ಕಿನಲ್ಲಿ 1,62,000, ನಮೂನೆ 26ಎಎಸ್‌ನಲ್ಲಿ 1,35,000: ಯಾವುದು ಸರಿ?

ನಾನು ಜಿಲ್ಲಾ ಕೇಂದ್ರವೊಂದರಲ್ಲಿ ತೆರಿಗೆ ರಿಟರ್ನ್ಸ್ ತುಂಬಿಕೊಡುವ ಕೆಲಸ ಮಾಡುತ್ತೇನೆ. ನನ್ನಲ್ಲಿಗೆ ಬರುವವರಲ್ಲಿ ನಿವೃತ್ತರೇ ಹೆಚ್ಚು. 2024-25ನೇ ಹಣಕಾಸು ವರ್ಷದ ರಿಟರ್ನ್ಸ್‌ಗಾಗಿ ಬಂದ ಒಬ್ಬ ನಿವೃತ್ತ ಕಾಲೇಜು ಅಧ್ಯಾಪಕರ ಕಡತ ಸಾಧಾರಣವಾದದ್ದೇ. ಆದರೆ ವಾರ್ಷಿಕ ಮಾಹಿತಿ ವಿವರಪಟ್ಟಿಯನ್ನೂ (ಎಐಎಸ್) ತೆರಿಗೆ ಜಮಾ ವಿವರಪಟ್ಟಿಯನ್ನೂ (ನಮೂನೆ 26ಎಎಸ್) ಪಕ್ಕಪಕ್ಕದಲ್ಲಿ ಇಟ್ಟು ಓದಿದರೆ ಏನೇನು ಹೊರಬೀಳುತ್ತದೆ ಎನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಮೇಷ್ಟ್ರ ಒಪ್ಪಿಗೆ ಪಡೆದು, ಮೊತ್ತಗಳನ್ನು ಸ್ವಲ್ಪ ಬದಲಿಸಿ ಬರೆಯುತ್ತಿದ್ದೇನೆ.

ಅವರು ಮೊದಲು ಬಂದದ್ದು ಮೇ ತಿಂಗಳಲ್ಲಿ. "ಪಿಂಚಣಿ, ಒಂದು ಬ್ಯಾಂಕಿನ ಠೇವಣಿ ಬಡ್ಡಿ, ಖಾಸಗಿ ತರಬೇತಿ ಸಂಸ್ಥೆಯಲ್ಲಿ ಮಾಡಿದ ಪಾಠದ ಗೌರವಧನ, ಇಷ್ಟೇ ನನ್ನ ಆದಾಯ. ಇವತ್ತೇ ಮುಗಿಸಿಬಿಡಿ" ಎಂದರು. ಜೂನ್ ಮಧ್ಯದ ನಂತರ ಬನ್ನಿ ಎಂದು ವಾಪಸು ಕಳುಹಿಸಿದೆ. ತೆರಿಗೆ ಕಡಿತ ಮಾಡಿದವರು ಜನವರಿಯಿಂದ ಮಾರ್ಚ್‌ವರೆಗಿನ ತ್ರೈಮಾಸಿಕದ ವಿವರ ಸಲ್ಲಿಸಲು ಮೇ 31ರವರೆಗೆ ಅವಕಾಶವಿದೆ. ಬ್ಯಾಂಕುಗಳು ಬಡ್ಡಿಯ ಮಾಹಿತಿಯನ್ನು ಇಲಾಖೆಗೆ ಕೊಡುವ ಕೊನೆಯ ದಿನವೂ ಅದೇ. ಅದಕ್ಕೆ ಮೊದಲು ಇವೆರಡನ್ನೂ ತೆರೆದರೆ ಕೊನೆಯ ಮೂರು ತಿಂಗಳು ಖಾಲಿಯಾಗಿಯೇ ಕಾಣಬಹುದು. ಆ ಖಾಲಿ ಜಾಗ ಇನ್ನೂ ಬಾರದ ಮಾಹಿತಿಯೋ ನಿಜವಾದ ತಪ್ಪೋ ಎಂದು ಯಾರಿಗೂ ಹೇಳಲಾಗುವುದಿಲ್ಲ.

ಜೂನ್ ಕೊನೆಯಲ್ಲಿ ಆದಾಯ ತೆರಿಗೆ ಪೋರ್ಟಲ್‌ನ ಅವರ ಖಾತೆಯೊಳಗೆ ಹೋಗಿ ಎರಡನ್ನೂ ಇಳಿಸಿಕೊಂಡೆ. ಎಐಎಸ್‌ಗೆ ಪೋರ್ಟಲ್‌ನಲ್ಲಿ ಪ್ರತ್ಯೇಕ ಮೆನು ಇದೆ. ಅದರ ಪಿಡಿಎಫ್ ತೆರೆಯುವ ಗುಪ್ತಪದವೆಂದರೆ ಸಣ್ಣ ಅಕ್ಷರಗಳಲ್ಲಿ ಪ್ಯಾನ್, ಅದರ ಬೆನ್ನಿಗೇ ಹುಟ್ಟಿದ ದಿನ, ತಿಂಗಳು, ವರ್ಷ. 26ಎಎಸ್‌ಗೆ e-File ಅಡಿಯಲ್ಲಿ View Form 26AS ಒತ್ತಿದರೆ ಇಲಾಖೆ ತೆರಿಗೆ ಕಡಿತದ ಲೆಕ್ಕ ಇಡುವ ಟ್ರೇಸಸ್ ತಾಣಕ್ಕೆ ಕರೆದೊಯ್ಯುತ್ತದೆ. ಅಲ್ಲಿ ಕೇಳುವುದು ಮೌಲ್ಯಮಾಪನ ವರ್ಷ, ಅಂದರೆ ಹಣಕಾಸು ವರ್ಷದ ಮರುವರ್ಷವಾದ 2025-26. ಅಲ್ಲಿ 2024-25 ಆರಿಸಿಕೊಂಡು ಹಿಂದಿನ ವರ್ಷದ ಪಟ್ಟಿಯನ್ನು ಮುದ್ರಿಸಿ ತರುವವರನ್ನು ಪ್ರತಿ ವರ್ಷವೂ ನೋಡುತ್ತೇನೆ.

ಇವೆರಡೂ ಒಂದೇ ಎಂದು ಹಲವರು ತಿಳಿದಿದ್ದಾರೆ. 26ಎಎಸ್ ಈಗ ಮುಖ್ಯವಾಗಿ ಕಡಿತವಾದ ಮತ್ತು ಸಂಗ್ರಹವಾದ ತೆರಿಗೆಯ ಲೆಕ್ಕ. ತೆರಿಗೆ ಕಡಿತವಾಗದ ಆದಾಯಕ್ಕೆ ಅಲ್ಲಿ ಸಾಮಾನ್ಯವಾಗಿ ಜಾಗವಿಲ್ಲ. ಎಐಎಸ್‌ನಲ್ಲಿ ತೆರಿಗೆ ಕಡಿತವಾಗದ ಬಡ್ಡಿ, ಲಾಭಾಂಶ, ಷೇರು ಮತ್ತು ಮ್ಯೂಚುವಲ್ ಫಂಡ್ ಮಾರಾಟ ಎಲ್ಲವೂ ಬರುತ್ತದೆ. ಹೀಗಾಗಿ ಆದಾಯವನ್ನು ಹುಡುಕಲು ನಾನು ಎಐಎಸ್ ಓದುತ್ತೇನೆ, ತೆರಿಗೆಯ ಜಮೆ ಸಿಗುತ್ತದೆಯೇ ಎಂದು ನೋಡಲು 26ಎಎಸ್ ಓದುತ್ತೇನೆ. ಮೂರನೆಯದಾಗಿ ಇಡುವುದು ಕಕ್ಷಿದಾರರ ಪಾಸ್‌ಬುಕ್. ಈ ಮೂರೂ ಒಪ್ಪುವವರೆಗೆ ರಿಟರ್ನ್ಸ್ ನಮೂನೆಯನ್ನು ತೆರೆಯುವುದಿಲ್ಲ.

ಮೇಷ್ಟ್ರು ಕೈಬರಹದಲ್ಲಿ ತಂದ ಪಟ್ಟಿಯಲ್ಲಿ ಬ್ಯಾಂಕ್ ಬಡ್ಡಿ 1,19,160 ರೂಪಾಯಿ ಎಂದಿತ್ತು. ಪಾಸ್‌ಬುಕ್ಕಿನಲ್ಲಿ ನಾಲ್ಕು ಸಲ 29,790 ಜಮೆಯಾದದ್ದನ್ನು ಕೂಡಿದ್ದರು. 26ಎಎಸ್‌ನಲ್ಲಿ ಅದೇ ಬ್ಯಾಂಕಿನ ಹೆಸರಿನಲ್ಲಿ, ಕಲಂ 194ಎ ಅಡಿಯಲ್ಲಿ, ತಲಾ 33,100ರ ನಾಲ್ಕು ಸಾಲುಗಳು, ಪ್ರತಿ ಸಾಲಿಗೆ 3,310 ತೆರಿಗೆ. ಶೇಕಡಾ 10 ಕಡಿತವಾಗಿ ಉಳಿದದ್ದು ಪಾಸ್‌ಬುಕ್ಕಿಗೆ ಬಂದಿದೆ. ರಿಟರ್ನ್ಸ್‌ನಲ್ಲಿ ತೋರಿಸಬೇಕಾದದ್ದು ಕಡಿತಕ್ಕೆ ಮುಂಚಿನ 1,32,400. ಕೈಗೆ ಬಂದದ್ದನ್ನು ಆದಾಯವೆಂದು ತೋರಿಸಿ, ಕಡಿತವಾದ 13,240ಕ್ಕೂ ಜಮೆ ಕೇಳಿದರೆ ಅಷ್ಟು ಆದಾಯ ಮುಚ್ಚಿಟ್ಟಂತಾಗುತ್ತದೆ.

ಎಐಎಸ್‌ನಲ್ಲಿ ಇದೇ ಬಡ್ಡಿ ಎರಡು ಕಡೆ ಕಂಡಿತು. ತೆರಿಗೆ ಕಡಿತದ ಭಾಗದಲ್ಲಿ ಒಮ್ಮೆ, SFT-016 ಎಂಬ ಬಡ್ಡಿಯ ಸಾಲಿನಲ್ಲಿ ಇನ್ನೊಮ್ಮೆ. ಮೇಷ್ಟ್ರು ಗಾಬರಿಯಾದರು: "ಇದನ್ನು ಕೂಡಿದರೆ ಎರಡೂವರೆ ಲಕ್ಷ ದಾಟುತ್ತದಲ್ಲ!" ಕೂಡಬಾರದು. ಎಐಎಸ್ ಜೊತೆಗೇ ಬರುವ ಸಾರಾಂಶದಲ್ಲಿ, ಅಂದರೆ ಟಿಐಎಸ್‌ನಲ್ಲಿ, ಪುನರಾವರ್ತನೆ ತೆಗೆದ ಮೊತ್ತವಿರುತ್ತದೆ. ಇಲ್ಲಿ ಅದು ಸರಿಯಾಗಿಯೇ ಒಂದು ಸಲ ಮಾತ್ರ ಲೆಕ್ಕಕ್ಕೆ ಬಂದಿತ್ತು. ಆದರೂ ನಾನು ಸಾರಾಂಶವನ್ನು ಕಣ್ಣು ಮುಚ್ಚಿ ನಂಬುವುದಿಲ್ಲ. ಅಲ್ಲಿನ ಮೊತ್ತವನ್ನು ಒತ್ತಿದರೆ ಹಿಂದಿರುವ ಸಾಲುಗಳು ತೆರೆದುಕೊಳ್ಳುತ್ತವೆ, ಯಾವುದನ್ನು ಬಿಟ್ಟಿದೆ ಎಂದು ನೋಡಿಯೇ ಮುಂದೆ ಹೋಗುತ್ತೇನೆ.

SFT-016ರಲ್ಲಿ ಇನ್ನೊಂದು ಬ್ಯಾಂಕಿನ ಹೆಸರೂ ಇತ್ತು, ಮೊತ್ತ 18,700. "ಅಲ್ಲಿ ನನಗೆ ಬಡ್ಡಿಯೇ ಬಂದಿಲ್ಲ" ಎಂದರು. ಬಂದಿಲ್ಲ ಎನ್ನುವುದು ನಿಜ, ಏಕೆಂದರೆ ಅದು ಅವಧಿ ಮುಗಿದಾಗ ಅಸಲು ಬಡ್ಡಿ ಒಟ್ಟಿಗೆ ಕೊಡುವ ಠೇವಣಿ. ಬಡ್ಡಿ ವರ್ಷವರ್ಷವೂ ಠೇವಣಿಯ ಒಳಗೇ ಸೇರುತ್ತದೆ, ಉಳಿತಾಯ ಖಾತೆಯ ಪಾಸ್‌ಬುಕ್ಕಿನಲ್ಲಿ ಸುಳಿವೂ ಇರುವುದಿಲ್ಲ. ಆ ವರ್ಷ ಹಿರಿಯ ನಾಗರಿಕರಿಗೆ ಒಂದು ಬ್ಯಾಂಕಿನ ಬಡ್ಡಿ 50,000 ದಾಟದಿದ್ದರೆ ತೆರಿಗೆ ಕಡಿತವಿರಲಿಲ್ಲ, ಹಾಗಾಗಿ 26ಎಎಸ್‌ನಲ್ಲಿಯೂ ಅದು ಇಲ್ಲ. ಎಐಎಸ್ ಮಾತ್ರ ಹೇಳಿತು. ಇಂಥ ಬಡ್ಡಿಯನ್ನು ಹಣ ಕೈಗೆ ಬಂದ ವರ್ಷ ತೋರಿಸುತ್ತೇನೆ ಎನ್ನುವವರಿದ್ದಾರೆ. ಪ್ರತಿ ವರ್ಷ ಸೇರಿದಷ್ಟನ್ನು ಆಯಾ ವರ್ಷವೇ ತೋರಿಸುವುದು ನನ್ನ ಪದ್ಧತಿ. ಬ್ಯಾಂಕ್ ವರದಿ ಮಾಡುವುದೂ ಹಾಗೆಯೇ, ಆದ್ದರಿಂದ ಎಐಎಸ್ ಜೊತೆ ಜಗಳವಿರುವುದಿಲ್ಲ.

ಪಾಠದ ಗೌರವಧನದಲ್ಲಿ ಕಥೆ ಬೇರೆಯಾಯಿತು. ಪಾಸ್‌ಬುಕ್ಕಿನಲ್ಲಿ ತ್ರೈಮಾಸಿಕಕ್ಕೆ 40,500ರಂತೆ ನಾಲ್ಕು ಜಮೆ, ಒಟ್ಟು 1,62,000. 26ಎಎಸ್‌ನಲ್ಲಿ ಕಲಂ 194ಜೆ ಅಡಿಯಲ್ಲಿ ತಲಾ 45,000ದ ಮೂರೇ ಸಾಲು, ಒಟ್ಟು 1,35,000, ತೆರಿಗೆ 13,500. ಎರಡೂ ತಪ್ಪು. ನಿಜವಾದ ಗೌರವಧನ 1,80,000, ಕಡಿತವಾದ ತೆರಿಗೆ 18,000. ಪಾಸ್‌ಬುಕ್ ನಂಬಿದ್ದರೆ 18,000 ಆದಾಯ ಬಿಟ್ಟುಹೋಗುತ್ತಿತ್ತು. 26ಎಎಸ್ ಮಾತ್ರ ನಂಬಿದ್ದರೆ 45,000 ಆದಾಯವೂ ಬಿಡುತ್ತಿತ್ತು, 4,500 ತೆರಿಗೆಯೂ ಕೈತಪ್ಪುತ್ತಿತ್ತು. ಎಐಎಸ್‌ನಲ್ಲಿಯೂ ಮೂರೇ ಸಾಲು, ಏಕೆಂದರೆ ಎರಡಕ್ಕೂ ಮೂಲ ಸಂಸ್ಥೆ ಸಲ್ಲಿಸಿದ ಒಂದೇ ವಿವರ.

ಯಾವ ಸಾಲು ಇಲ್ಲ ಎಂದು ತಿಳಿಯಲು 26ಎಎಸ್‌ನ ದಿನಾಂಕಗಳು ಸಾಕು. ಜೂನ್, ಸೆಪ್ಟೆಂಬರ್, ಡಿಸೆಂಬರ್ ಇದ್ದವು, ಮಾರ್ಚ್ ಇರಲಿಲ್ಲ. ದಿನಾಂಕದ ಪಕ್ಕದಲ್ಲಿ Status of Booking ಎಂಬ ಕಂಬದಲ್ಲಿ ಒಂದೇ ಅಕ್ಷರವಿರುತ್ತದೆ. F ಎಂದಿದ್ದರೆ ಹಣ ಸರ್ಕಾರಕ್ಕೆ ಸೇರಿ ಲೆಕ್ಕ ಹೊಂದಿದೆ ಎಂದರ್ಥ. U ಎಂದಿದ್ದರೆ ಕಡಿತ ಮಾಡಿದವರು ಹಣ ಕಟ್ಟಿಲ್ಲ, ಅಥವಾ ಕಟ್ಟಿದ ಚಲನ್ ವಿವರ ಹೊಂದುತ್ತಿಲ್ಲ. Tax Deducted ಮತ್ತು TDS Deposited ಎಂಬ ಎರಡು ಕಂಬಗಳ ಮೊತ್ತ ಒಂದೇ ಇದೆಯೇ ಎಂದೂ ನೋಡಿಕೊಳ್ಳಬೇಕು. ಮೇಷ್ಟ್ರ ಮೂರೂ ಸಾಲುಗಳು F ಆಗಿದ್ದವು. ಅಂದರೆ ಸಂಸ್ಥೆ ಸಾಮಾನ್ಯವಾಗಿ ಸರಿಯಾಗಿ ಕಟ್ಟುತ್ತದೆ. ಹಾಗಿದ್ದ ಮೇಲೆ ಒಂದು ಇಡೀ ಸಾಲೇ ಇಲ್ಲವೆಂದರೆ ನನ್ನ ಮೊದಲ ಅನುಮಾನ ಪ್ಯಾನ್ ಸಂಖ್ಯೆಯ ಮೇಲೆ.

ಸಂಸ್ಥೆಯ ಲೆಕ್ಕಿಗರಿಗೆ ಫೋನ್ ಮಾಡಿದೆ. "ನಾಲ್ಕೂ ತ್ರೈಮಾಸಿಕದ್ದು ಕಟ್ಟಿದ್ದೇವೆ ಸರ್, ಯಾವ ನೋಟಿಸೂ ಬಂದಿಲ್ಲ" ಎಂದು ಹೇಳಿ ಒಂದು ಪ್ರಮಾಣಪತ್ರ ಕಳುಹಿಸಿದರು. ಅದು ಅವರದೇ ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡಿ ಮೊಹರು ಹಾಕಿದ ಹಾಳೆ. ನಮೂನೆ 16ಎ ಬರಬೇಕಾದದ್ದು ಟ್ರೇಸಸ್‌ನಿಂದ, ಅದಕ್ಕೊಂದು ಪ್ರಮಾಣಪತ್ರ ಸಂಖ್ಯೆ ಇರುತ್ತದೆ. ಈ ಹಾಳೆಯಲ್ಲಿ ಅದು ಇರಲಿಲ್ಲ. ಟ್ರೇಸಸ್‌ನದೇ ಕೊಡಿ ಎಂದೆ. ಮಾರ್ಚ್ ತ್ರೈಮಾಸಿಕಕ್ಕೆ ಮೇಷ್ಟ್ರ ಪ್ಯಾನ್ ಹಾಕಿದರೆ ಪ್ರಮಾಣಪತ್ರ ಹುಟ್ಟುತ್ತಲೇ ಇಲ್ಲ ಎಂದು ಅವರಿಗೇ ಗೊತ್ತಾಯಿತು. ಸಲ್ಲಿಸಿದ ತ್ರೈಮಾಸಿಕ ವಿವರವನ್ನು, ಅಂದರೆ ನಮೂನೆ 26ಕ್ಯೂ ತೆರೆದು ಪ್ಯಾನ್ ಓದಿ ಹೇಳಿ ಎಂದೆ. ನಡುವಿನ ನಾಲ್ಕು ಅಂಕಿಗಳಲ್ಲಿ ಕೊನೆಯ ಎರಡು ಅದಲುಬದಲಾಗಿದ್ದವು. ಆ ಸಂಖ್ಯೆ ಇನ್ನೊಬ್ಬರ ನಿಜವಾದ ಪ್ಯಾನ್ ಆಗಿದ್ದರಿಂದಲೇ ಸಂಸ್ಥೆಗೆ ನೋಟಿಸ್ ಬಂದಿರಲಿಲ್ಲ. ಅಸ್ತಿತ್ವದಲ್ಲಿಯೇ ಇಲ್ಲದ ಸಂಖ್ಯೆಯಾಗಿದ್ದರೆ ಶೇಕಡಾ 20ರ ದರ ಹಾಕಿ ಬಾಕಿ ಕೇಳುತ್ತಿದ್ದರು, ಲೆಕ್ಕಿಗರು ತಾವಾಗಿಯೇ ಎಚ್ಚೆತ್ತುಕೊಳ್ಳುತ್ತಿದ್ದರು.

ಇದನ್ನು ಸರಿಪಡಿಸುವ ದಾರಿ ಒಂದೇ, ಸಂಸ್ಥೆ ತಿದ್ದುಪಡಿ ವಿವರ ಸಲ್ಲಿಸಬೇಕು. ಎಐಎಸ್‌ನಲ್ಲಿ ಪ್ರತಿ ಸಾಲಿಗೂ ಅಭಿಪ್ರಾಯ ದಾಖಲಿಸುವ ಸೌಲಭ್ಯವಿದೆ: ಮಾಹಿತಿ ಬೇರೆ ಪ್ಯಾನ್‌ನದು, ಪುನರಾವರ್ತನೆ, ಪೂರ್ತಿ ಸರಿಯಿಲ್ಲ, ಹೀಗೆ. ಆದರೆ ಅದು ಇರುವ ಸಾಲಿಗೆ ಮಾತ್ರ. ಇಲ್ಲದ ಸಾಲನ್ನು ಅಲ್ಲಿಂದ ಹುಟ್ಟಿಸಲಾಗದು. ಅಭಿಪ್ರಾಯ ಕೊಟ್ಟ ಮಾತ್ರಕ್ಕೆ 26ಎಎಸ್‌ನ ತೆರಿಗೆ ಜಮೆ ಬದಲಾಗುವುದೂ ಇಲ್ಲ. ಪೋರ್ಟಲ್‌ನಲ್ಲಿ ದೂರು ಕೊಟ್ಟಾಯಿತಲ್ಲ ಎಂದು ಕೈಕಟ್ಟಿ ಕುಳಿತವರಿಗೆ ನಾನು ಹೇಳುವುದು ಇದನ್ನೇ: ಫೋನ್ ಎತ್ತಿ, ಕಡಿತ ಮಾಡಿದವರನ್ನು ಹಿಡಿಯಿರಿ. ಮಿಂಚಂಚೆಯನ್ನೂ ಕಳುಹಿಸಿ, ಕಡಿತ ಮಾಡಿದವರ ಗುರುತಾದ ಟ್ಯಾನ್ ಸಂಖ್ಯೆ, ತ್ರೈಮಾಸಿಕ, ಮೊತ್ತ, ಸರಿಯಾದ ಪ್ಯಾನ್ ನಾಲ್ಕನ್ನೂ ಬರೆಯಿರಿ.

ಆ ವರ್ಷ ಲೆಕ್ಕಪರಿಶೋಧನೆ ಬೇಕಿಲ್ಲದವರ ಗಡುವನ್ನು ಜುಲೈ 31ರಿಂದ ಸೆಪ್ಟೆಂಬರ್ 15ಕ್ಕೆ ಮುಂದೂಡಿದ್ದು ನಮಗೆ ಅನುಕೂಲವಾಯಿತು. ಆಗಸ್ಟ್‌ನಲ್ಲಿ ನಾಲ್ಕನೆಯ ಸಾಲು F ಅಕ್ಷರದೊಂದಿಗೆ ಬಂತು. ಬಾರದೇ ಹೋಗಿದ್ದರೆ? ಗಡುವು ತಪ್ಪಿಸುತ್ತಿರಲಿಲ್ಲ. ಆದಾಯವನ್ನು 1,80,000 ಎಂದೇ ತೋರಿಸಿ, ಸಂಸ್ಥೆಯ ಟ್ಯಾನ್ ಹಾಕಿ 18,000ಕ್ಕೂ ಜಮೆ ಕೇಳುತ್ತಿದ್ದೆ. ಇಲಾಖೆಯ ಕಂಪ್ಯೂಟರ್ 4,500 ಒಪ್ಪದೆ ಬಾಕಿ ತೋರಿಸುತ್ತಿತ್ತು. 26ಎಎಸ್ ಸರಿಹೋದ ಮೇಲೆ ಕಲಂ 154ರ ಅಡಿಯಲ್ಲಿ ತಿದ್ದುಪಡಿ ಕೇಳಬೇಕಾಗುತ್ತಿತ್ತು. ಕಡಿತವಾದ ತೆರಿಗೆಯನ್ನು ಮತ್ತೆ ಕಡಿತಗೊಂಡವರಿಂದಲೇ ವಸೂಲಿ ಮಾಡಬಾರದು ಎಂದು ಕಲಂ 205 ಹೇಳುತ್ತದೆ. ಆದರೆ ಅದನ್ನು ಹಿಡಿದು ವಾದಿಸುವುದಕ್ಕಿಂತ ಮೊದಲೇ ಸಾಲು ಸರಿಪಡಿಸಿಕೊಳ್ಳುವುದು ಎಷ್ಟೋ ಸುಲಭ.

ಕೊನೆಗೆ ಮೇಷ್ಟ್ರನ್ನು ಒಂದು ಪ್ರಶ್ನೆ ಕೇಳಿದೆ, ನಿವೃತ್ತರೆಲ್ಲರಿಗೂ ಕೇಳುವಂಥದ್ದು: "ಸೌಹಾರ್ದ ಸಹಕಾರಿಯಲ್ಲಿ ಏನಾದರೂ ಇಟ್ಟಿದ್ದೀರಾ?" ಇಟ್ಟಿದ್ದರು. 9,500 ಬಡ್ಡಿ ಬಂದಿತ್ತು. ಅದು ಎಐಎಸ್‌ನಲ್ಲಿಯೂ ಇರಲಿಲ್ಲ, 26ಎಎಸ್‌ನಲ್ಲಿಯೂ ಇರಲಿಲ್ಲ. ಬಡ್ಡಿಯ ವರದಿ ಕೊಡಬೇಕೆಂಬ ನಿಯಮದಲ್ಲಿ ಬ್ಯಾಂಕ್, ಸಹಕಾರಿ ಬ್ಯಾಂಕ್, ಅಂಚೆ ಕಚೇರಿಗಳಿವೆ. ಸಣ್ಣ ಪತ್ತಿನ ಸಂಘಗಳ ಬಡ್ಡಿ ನಾನು ನೋಡುವ ಎಐಎಸ್‌ಗಳಲ್ಲಿ ಕಾಣುವುದೇ ಅಪರೂಪ. "ಕಾಣದಿದ್ದ ಮೇಲೆ ತೋರಿಸಬೇಕೇ?" ಎಂದರು. ತೋರಿಸಲೇಬೇಕು ಮೇಷ್ಟ್ರೇ, ಪಟ್ಟಿಯಲ್ಲಿಲ್ಲ ಎಂದ ಮಾತ್ರಕ್ಕೆ ತೆರಿಗೆಯಿಂದ ವಿನಾಯಿತಿ ಸಿಗುವುದಿಲ್ಲ ಎಂದೆ.

ಒಟ್ಟು ಬಡ್ಡಿ 1,32,400, 18,700 ಮತ್ತು 9,500 ಸೇರಿ 1,60,600, ಅದರ ಜೊತೆ ಉಳಿತಾಯ ಖಾತೆಯ ಚಿಲ್ಲರೆ ಬಡ್ಡಿ. ಅವರ ಕೈಬರಹದ ಪಟ್ಟಿಗಿಂತ ನಲವತ್ತು ಸಾವಿರಕ್ಕೂ ಹೆಚ್ಚು. ಸಲ್ಲಿಸಿದ ಮೇಲೆ ಬಂದ ಕಲಂ 143(1)ರ ತಿಳಿವಳಿಕೆ ಪತ್ರದಲ್ಲಿ ನಾನು ಮೊದಲು ನೋಡಿದ್ದು ಕಡಿತವಾದ ತೆರಿಗೆಯ ಸಾಲನ್ನು. ನಾವು ಕೇಳಿದ ಮೊತ್ತ ಒಂದು ಕಂಬದಲ್ಲಿ, ಇಲಾಖೆ ಒಪ್ಪಿದ್ದು ಇನ್ನೊಂದರಲ್ಲಿ, ಎರಡೂ ಹೊಂದಿದ್ದವು. ಮುಂದಿನ ವರ್ಷಕ್ಕೆ ಏಪ್ರಿಲ್‌ನಲ್ಲಿಯೇ ಸೌಹಾರ್ದದಿಂದ ಬಡ್ಡಿಯ ಪತ್ರ ತಂದಿಟ್ಟುಕೊಳ್ಳಿ ಎಂದು ಮೇಷ್ಟ್ರಿಗೆ ಹೇಳಿದ್ದೇನೆ. ತರಬೇತಿ ಸಂಸ್ಥೆಗೆ ಪ್ಯಾನ್ ಕಾರ್ಡಿನ ನಕಲನ್ನು ಮತ್ತೊಮ್ಮೆ ಕೊಡಿಸಿದ್ದೇನೆ.