ಒಂದೇ ಅರ್ಜಿಗೆ ಮೂರು ಎಸ್ಎಂಎಸ್

ಕಾಲೇಜು ಪ್ರವೇಶದ ಅರ್ಜಿ ತೆಗೆದುಕೊಳ್ಳುವ ವೆಬ್‌ಸೈಟ್ ಒಂದನ್ನು ನಾನು ನೋಡಿಕೊಳ್ಳುತ್ತಿದ್ದೆ. 'ಸಲ್ಲಿಸಿ' ಒತ್ತಿದ ತಕ್ಷಣ ಪಿಡಿಎಫ್ ತಯಾರಾಗಿ, ಡೇಟಾಬೇಸ್‌ಗೆ ಬರೆದು, ಎಸ್ಎಂಎಸ್ ಹೋಗಬೇಕು. ಒಂದಕ್ಕೆ ಸುಮಾರು 8 ಸೆಕೆಂಡ್. ಕೊನೆಯ ದಿನ ಸಂಜೆ ಹತ್ತೇ ನಿಮಿಷದಲ್ಲಿ 3000 ಅರ್ಜಿ ಬಂದವು. ಡೇಟಾಬೇಸ್ ಕನೆಕ್ಷನ್ ಎಲ್ಲ ಖಾಲಿ, ಸೈಟ್ ಮಲಗಿಬಿಟ್ಟಿತು.

ಮುಂದಿನ ವರ್ಷಕ್ಕೆ ನಡುವೆ ಅಮೆಜಾನ್ ಎಸ್‌ಕ್ಯೂಎಸ್ ಕ್ಯೂ, ಅಂದರೆ ಅರ್ಜಿಗಳು ಸರದಿಗೆ ಕಾಯುವ ಜಾಗ, ಇಟ್ಟೆವು. ಸೈಟ್ ಅರ್ಜಿಯನ್ನು ಕ್ಯೂಗೆ ಹಾಕಿ 'ತಲುಪಿತು' ಅನ್ನುತ್ತದೆ, ಅಷ್ಟೇ. ಉಳಿದ ಕೆಲಸ ಹಿಂದೆ ಓಡುವ ಪ್ರೋಗ್ರಾಂಗಳದ್ದು, ಅಂದರೆ 10 ವರ್ಕರ್‌ಗಳದ್ದು. ತಲಾ 8 ಸೆಕೆಂಡ್ ಅಂದರೆ ಸೆಕೆಂಡಿಗೆ ಒಂದೂಕಾಲು ಅರ್ಜಿ. 3000 ಮುಗಿಯಲು 40 ನಿಮಿಷ. ವರ್ಕರ್ ಜಾಸ್ತಿ ಮಾಡೋಣ ಅಂತ ಆಸೆಯಾಗುತ್ತದೆ. ಆದರೆ ಮಾಡಿದರೆ ಡೇಟಾಬೇಸ್ ಮೇಲೆ ಮತ್ತೆ ಅದೇ ಹೊರೆ, ಅಲ್ವಾ? ಕ್ಯೂ ಇದ್ದರೆ ಕೆಲಸ ಬೇಗ ಆಗುವುದಿಲ್ಲ, ಕಾಯುವ ಜಾಗ ಬದಲಾಗುತ್ತದೆ.

ಆ ವರ್ಷ ಸೈಟ್ ಬೀಳಲಿಲ್ಲ. ಆದರೆ ಕೆಲವರಿಗೆ ಎರಡು, ಮೂರು ಎಸ್ಎಂಎಸ್ ಹೋಗಿದ್ದವು. ಎರಡು ಸಲ ಫೀಸ್ ಕಟ್ಟಬೇಕಾ ಅಂತ ಫೋನ್ ಮೇಲೆ ಫೋನ್.

ಲಾಗ್ ನೋಡಿದರೆ `ApproximateReceiveCount`, ಅಂದರೆ ಒಂದು ಅರ್ಜಿ ಎಷ್ಟು ಸಲ ವರ್ಕರ್ ಕೈಗೆ ಹೋಯಿತು ಅನ್ನುವುದು, ಕೆಲವಕ್ಕೆ 2, ಕೆಲವಕ್ಕೆ 3. ತಪ್ಪು ನಮ್ಮದೇ. ಎಸ್‌ಕ್ಯೂಎಸ್ ಒಂದು ಮೆಸೇಜನ್ನು, ಅಂದರೆ ಕ್ಯೂನಲ್ಲಿರುವ ಒಂದು ಅರ್ಜಿಯನ್ನು, ವರ್ಕರ್ ಕೈಗೆ ಕೊಟ್ಟಾಗ ಅಳಿಸುವುದಿಲ್ಲ, ಸ್ವಲ್ಪ ಹೊತ್ತು ಮರೆಮಾಡುತ್ತದೆ. ನಾವೇನೂ ಹೇಳದಿದ್ದರೆ ಆ ಹೊತ್ತು 30 ಸೆಕೆಂಡ್. ಅಷ್ಟರೊಳಗೆ ವರ್ಕರ್ ಅಳಿಸದಿದ್ದರೆ ಅದು ಬೇರೆಯವರಿಗೂ ಕಾಣುತ್ತದೆ. 8 ಸೆಕೆಂಡಿನ ಕೆಲಸಕ್ಕೆ 30 ಸಾಲದೇ ಅಂದುಕೊಂಡಿದ್ದೆ. ಆದರೆ ನಮ್ಮ ವರ್ಕರ್ ಒಂದೇ ಸಲಕ್ಕೆ 10 ಮೆಸೇಜ್ ಎತ್ತಿಕೊಂಡು ಒಂದೊಂದಾಗಿ ಮುಗಿಸುತ್ತಿತ್ತು. ಹತ್ತಕ್ಕೂ ಗಡಿಯಾರ ಒಟ್ಟಿಗೇ ಶುರು. ನಾಲ್ಕನೆಯದು ಮುಗಿಯುವುದು 32ನೇ ಸೆಕೆಂಡಿಗೆ! ಟೆಸ್ಟ್ ಮಾಡುವಾಗ ಒಂದೊಂದೇ ಅರ್ಜಿ ಹಾಕುತ್ತಿದ್ದೆವು, ಹಾಗಾಗಿ ಸಿಕ್ಕಿಬೀಳಲಿಲ್ಲ.

ಒಂದು ಸಲಕ್ಕೆ ಒಂದೇ ಮೆಸೇಜ್ ಎತ್ತುವಂತೆ ಮಾಡಿ, ಮರೆಮಾಡುವ ಸಮಯ ಹೆಚ್ಚಿಸಿದೆವು:

```
aws sqs set-queue-attributes --queue-url "$Q" \
  --attributes VisibilityTimeout=120
```

ಇದನ್ನು ಸುಮ್ನೆ ಒಂದು ಗಂಟೆ ಅಂತ ಇಡಬಾರದು. ವರ್ಕರ್ ನಡುವೆ ಸತ್ತರೆ ಆ ಅರ್ಜಿ ಒಂದು ಗಂಟೆಯವರೆಗೂ ಕಾಯುತ್ತದೆ.

ಇಷ್ಟಾದರೂ ಸ್ಟ್ಯಾಂಡರ್ಡ್ ಕ್ಯೂನಲ್ಲಿ ಒಂದೇ ಮೆಸೇಜ್ ಅಪರೂಪಕ್ಕೆ ಎರಡು ಸಲ ಬರಬಹುದು. ಹಾಗಾಗಿ ಎಸ್ಎಂಎಸ್ ಕಳಿಸುವ ಮೊದಲು ಅರ್ಜಿ ಸಂಖ್ಯೆಯನ್ನು ಯುನಿಕ್ ಕಾಲಂಗೆ ಬರೆಯುತ್ತೇವೆ. ಆಗಲೇ ಇದ್ದರೆ ಕಳಿಸುವುದಿಲ್ಲ. ಬರೆದ ಮೇಲೆ, ಕಳಿಸುವ ಮುಂಚೆ ವರ್ಕರ್ ಬಿದ್ದರೆ ಆ ಎಸ್ಎಂಎಸ್ ತಪ್ಪಿಹೋಗುತ್ತದೆ. ಗೊತ್ತಿದ್ದೇ ಒಪ್ಪಿಕೊಂಡೆವು. ಲಾಗಿನ್ ಆದರೆ ಪಿಡಿಎಫ್ ಹೇಗೂ ಸಿಗುತ್ತದೆ.

ಈಗ ಕ್ಯೂನಲ್ಲಿ ಎಷ್ಟು ಮೆಸೇಜ್ ಇವೆ ಅಂತ ನಾನು ಅಷ್ಟಾಗಿ ನೋಡುವುದಿಲ್ಲ. ನೋಡುವುದು `ApproximateAgeOfOldestMessage`, ಅಂದರೆ ಎಲ್ಲಕ್ಕಿಂತ ಹಳೆಯದು ಎಷ್ಟು ಹೊತ್ತಿನಿಂದ ಕಾಯುತ್ತಿದೆ ಅನ್ನುವುದು. ಆ ಸಂಜೆಯಷ್ಟೇ ನೂಕುನುಗ್ಗಲಾದರೆ ಕೊನೆಯ ಅರ್ಜಿ ಅರ್ಧ ಗಂಟೆ ಕಾಯಬೇಕು. ಅಲಾರಂ 45 ನಿಮಿಷಕ್ಕೆ ಇಟ್ಟಿದ್ದೇನೆ. ಪುಟದಲ್ಲಿ 'ಒಂದು ಗಂಟೆಯೊಳಗೆ ಎಸ್ಎಂಎಸ್ ಬರುತ್ತದೆ' ಅಂತ ಬರೆಸಿದ್ದೇನೆ.